ಕಚೇರಿ ಬಾಡಿಗೆ ಕರಾರು ಮುಂದುವರಿಸುವುದಿಲ್ಲ ಎಂಬ ನೋಟಿಸ್

ಪ್ರಶ್ನೆ: ಮಾರ್ಚ್ 31ಕ್ಕೆ ನಮ್ಮ ಆಫೀಸಿನ ಬಾಡಿಗೆ ಕರಾರು ಮುಗಿಯುತ್ತೆ. ಮುಂದುವರಿಸಲ್ಲ, ಡೆಪಾಸಿಟ್ ವಾಪಸ್ ಬೇಕು ಅಂತ ಮಾಲೀಕರಿಗೆ ಹೇಗೆ ಬರೆಯೋದು?

ಉತ್ತರ: ಮೊದಲು ಕರಾರಿನಲ್ಲಿ ನೋಟಿಸ್ ಅವಧಿ ಎಷ್ಟಿದೆ ನೋಡಿ. ಮೂರು ತಿಂಗಳಿದ್ದರೆ ಪತ್ರ ಡಿಸೆಂಬರ್ 31ರೊಳಗೆ ಅವರ ಕೈ ಸೇರಿರಬೇಕು. ನೀವು ಕಳಿಸಿದ ದಿನವನ್ನೇ ನಂಬಿ ಕೂರಬೇಡಿ. ಸ್ವೀಕೃತಿ ಸಹಿ ಪಡೆಯಿರಿ.

ಒಕ್ಕಣೆ ಇಷ್ಟು ಸಾಕು:

"ನಮ್ಮ ಕರಾರು ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದನ್ನು ನವೀಕರಿಸುತ್ತಿಲ್ಲ. ಅಂದೇ ಜಾಗ ಖಾಲಿ ಮಾಡಿ ಬೀಗದ ಕೈ ಒಪ್ಪಿಸುತ್ತೇವೆ. ಅದಕ್ಕೆ ಒಂದು ವಾರ ಮೊದಲು ಜಂಟಿಯಾಗಿ ಜಾಗ ಪರಿಶೀಲಿಸೋಣ. ಕಡಿತವಿದ್ದರೆ ಬಿಲ್ ಸಮೇತ ತಿಳಿಸಿ, ಉಳಿದ ಡೆಪಾಸಿಟ್ಟನ್ನು ಕರಾರಿನ ಗಡುವಿನೊಳಗೆ ಕೆಳಗಿನ ಖಾತೆಗೆ ಹಾಕಿ."

"ಮಾರ್ಚ್ ಕೊನೆಯ ಹೊತ್ತಿಗೆ" ಎಂದು ಬರೆಯಬೇಡಿ, ಏಪ್ರಿಲ್ ಬಾಡಿಗೆಯ ಜಗಳ ಹುಟ್ಟುವುದೇ ಅಲ್ಲಿ. ಬೀಗದ ಕೈ ಕೊಡುವಾಗ ಮೀಟರ್ ರೀಡಿಂಗ್ ಬರೆದು ಇಬ್ಬರೂ ಸಹಿ ಹಾಕಿ.