ಪ್ರೇಮದ ಪ್ರಶ್ನೆಗೆ ಡೆತ್ ಕಾರ್ಡ್ ಬಂದರೆ?

ಪ್ರಶ್ನೆ: ಜಯನಗರದಲ್ಲಿ ಒಬ್ಬರ ಬಳಿ ಟ್ಯಾರೋ ಕಾರ್ಡಿನ ಭವಿಷ್ಯ ಕೇಳಿದೆ. ಸಿಕ್ಸ್ ಆಫ್ ಕಪ್ಸ್, ಡೆತ್, ಟು ಆಫ್ ಕಪ್ಸ್ ಬಂದವು. ಕಾಲೇಜಿನಿಂದ ಜೊತೆಗಿದ್ದೇವೆ, ಅವನಿಗೆ ಈಗ ವೈಟ್‌ಫೀಲ್ಡಿನಲ್ಲಿ ಕೆಲಸ, ಭೇಟಿಯೇ ಅಪರೂಪ. ನಮ್ಮ ಸಂಬಂಧ ಮುಗಿಯಿತೇ?

ಉತ್ತರ: ಈ ಮೂರು ಕಾರ್ಡುಗಳು ಹಾಗೆ ಹೇಳುವುದಿಲ್ಲ. 1909ರ ರೈಡರ್–ವೇಟ್ ಟ್ಯಾರೋ ಕಟ್ಟಿನ ಡೆತ್ ಕಾರ್ಡಿನ ಚಿತ್ರವನ್ನೇ ನೋಡಿ: ಬಿಳಿ ಕುದುರೆಯ ಮೇಲೆ ಅಸ್ಥಿಪಂಜರ, ಕೆಳಗೆ ಬಿದ್ದ ರಾಜ. ಆದರೆ ಧ್ವಜದಲ್ಲಿ ಬಿಳಿ ಗುಲಾಬಿಯಿದೆ, ದೂರದ ಎರಡು ಗೋಪುರಗಳ ನಡುವೆ ಸೂರ್ಯನಿದ್ದಾನೆ. ಜನ ಅಸ್ಥಿಪಂಜರವನ್ನು ಕಂಡು ಬೆಚ್ಚಿ ಅಲ್ಲಿಗೇ ನಿಲ್ಲುತ್ತಾರೆ. ಟ್ಯಾರೋ ಓದುವವರು ಸಾಮಾನ್ಯವಾಗಿ ಇದನ್ನು ಸಾವೆಂದಲ್ಲ, ಒಂದು ಘಟ್ಟ ಮುಗಿದು ಇನ್ನೊಂದು ಶುರುವಾಗುವುದೆಂದು ಓದುತ್ತಾರೆ. ಸಂಬಂಧದ ಪ್ರಶ್ನೆಯಲ್ಲಿ ಮುಗಿಯುವುದು ಹೆಚ್ಚಾಗಿ ಇಬ್ಬರ ನಡುವಿನ ಹಳೆಯ ರೂಢಿ.

ನಿಮ್ಮಲ್ಲಿ ಸಿಕ್ಸ್ ಆಫ್ ಕಪ್ಸ್ ಹಳೆಯ ನೆನಪುಗಳ ಕಾರ್ಡ್, ಅಂದರೆ ಕಾಲೇಜಿನ ದಿನಗಳು. ಟು ಆಫ್ ಕಪ್ಸ್‌ನಲ್ಲಿ ಇಬ್ಬರು ಸರಿಸಮಾನರಾಗಿ ಎದುರುಬದುರು ಬಟ್ಟಲು ಹಿಡಿದಿದ್ದಾರೆ. ನಡುವಿನ ಡೆತ್ ಹೇಳುವುದಿಷ್ಟು: ದಿನವೂ ಕ್ಯಾಂಟೀನಿನಲ್ಲಿ ತಾನಾಗಿಯೇ ಆಗುತ್ತಿದ್ದ ಭೇಟಿ ಇನ್ನು ಆಗದು, ಯಾವಾಗ, ಎಲ್ಲಿ ಎಂದು ಇಬ್ಬರೂ ಕುಳಿತು ಗೊತ್ತುಮಾಡಿಕೊಳ್ಳಬೇಕು. ಕೊನೆಯಲ್ಲಿ ತ್ರೀ ಆಫ್ ಸ್ವೋರ್ಡ್ಸ್ ಅಥವಾ ಟೆನ್ ಆಫ್ ಸ್ವೋರ್ಡ್ಸ್ ಬಂದಿದ್ದರೆ ಅಗಲಿಕೆಯ ಮಾತನ್ನು ನಾನೂ ಎತ್ತುತ್ತಿದ್ದೆ.

ಒಂದು ವೇಳೆ ಕಾರ್ಡ್ ಓದಿದವರು ಹೆದರಿಸಿ ಪರಿಹಾರಕ್ಕೆಂದು ಹಣ ಕೇಳಿದ್ದರೆ, ಮತ್ತೆ ಅತ್ತ ಹೋಗಬೇಡಿ. ಟ್ಯಾರೋದಲ್ಲಿ ಅಂಥ ಶಾಂತಿಪೂಜೆ ಯಾವುದೂ ಇಲ್ಲ.