ಆಲ್ಟರೇಷನ್ ಅಂಗಡಿ ರೀಲ್ಸ್‌ಗೆ ಮೊದಲ ಸಾಲು

“ನಮ್ಮ ರೀಲ್ಸ್ ‘ನಮಸ್ಕಾರ, ನಮ್ಮಲ್ಲಿ ಎಲ್ಲ ಥರದ ಆಲ್ಟರೇಷನ್ ಮಾಡ್ತೀವಿ’ ಅಂತ ಶುರುವಾಗುತ್ತೆ. ಜನ ಅಲ್ಲೇ ಸ್ಕ್ರೋಲ್ ಮಾಡ್ತಾರೆ. ಏನು ಬರೀಬೇಕು?”

‘ಎಲ್ಲ ಥರದ’ ಅನ್ನೋದೇ ತೊಂದರೆ ಅನ್ಸುತ್ತೆ. ಅದನ್ನ ಕೇಳಿದವರಿಗೆ ತಮ್ಮ ಬೀರುವಿನಲ್ಲಿರೋ ಬಟ್ಟೆ ನೆನಪಾಗಲ್ಲ. ಒಂದು ವಿಡಿಯೋಗೆ ಒಂದೇ ಬಟ್ಟೆ, ಒಂದೇ ತೊಂದರೆ ಇಟ್ಕೊಳ್ಳಿ.

ಬಿಗಿಯಾದ ಬ್ಲೌಸನ್ನೇ ತಗೊಳ್ಳಿ. ಗಿರಾಕಿ ಕೌಂಟರ್‌ನಲ್ಲಿ ಹೇಳೋ ಮಾತನ್ನೇ ಮೊದಲ ಸಾಲು ಮಾಡಿ: “ಮದುವೆ ಬ್ಲೌಸ್ ಈಗ ಹುಕ್ಕೇ ಹಾಕಕ್ಕಾಗ್ತಿಲ್ವಾ?” ತಕ್ಷಣ ಎರಡನೇ ಸಾಲು: “ಎರಡು ಇಂಚು ಒಳಗೇ ಇದೆ, ನೋಡಿ.” ಇದನ್ನ ಹೇಳುವಾಗ ಮುಖ ತೋರಿಸಬೇಡಿ. ಬ್ಲೌಸ್ ಒಳಮಗ್ಗುಲು ತಿರುಗಿಸಿ, ಪಕ್ಕದ ಹೊಲಿಗೆ ಆಚೆ ಬಿಟ್ಟಿರೋ ಬಟ್ಟೆ ಮೇಲೆ ಟೇಪ್ ಇಡಿ. ಎರಡೂ ಪಕ್ಕದ ಹೊಲಿಗೆ ಅರ್ಧರ್ಧ ಇಂಚು ಆಚೆ ಸರಿಸಿದ್ರೆ, ಮುಂದೆ ಹಿಂದೆ ಸೇರಿ ಸುತ್ತಳತೆ ಎರಡು ಇಂಚು ಹೆಚ್ಚುತ್ತೆ. ಈ ಲೆಕ್ಕ ಕಣ್ಣಿಗೆ ಕಂಡ್ರೆ ಜನ ನಿಲ್ತಾರೆ. ಸೌಂಡ್ ಆಫ್ ಇಟ್ಟು ನೋಡೋರಿಗಾಗಿ ಎರಡೂ ಸಾಲು ಪರದೆ ಮೇಲೆ ದೊಡ್ಡಕ್ಷರದಲ್ಲಿ ಬರಲಿ. ಅಂಗಡಿ ಹೆಸರು, ವಿಳಾಸ ಕೊನೆಗೆ.

“ಯಾವ ಬ್ಲೌಸಾದ್ರೂ ಸಡಿಲ ಮಾಡ್ತೀವಿ” ಅಂತ ಮಾತ್ರ ಬರೀಬೇಡಿ. ಒಳಗೆ ಬಟ್ಟೆ ಬಿಡದೇ ಹೊಲಿದಿದ್ರೆ ಆಗಲ್ಲ. ರೇಷ್ಮೆಯಲ್ಲಿ ಹಳೇ ಹೊಲಿಗೆಯ ಸೂಜಿ ತೂತು ಉಳಿಯಬಹುದು. ಅದನ್ನ ವಿಡಿಯೋದಲ್ಲೇ ಹೇಳಿ, ಅಂಗಡಿಗೆ ಬಂದ್ಮೇಲೆ ಜಗಳ ಆಗಲ್ಲ.

ಪ್ರಶ್ನೆಯ ಸಾಲು ಮೊದಲೋ, ಇಂಚಿನ ಸಾಲು ಮೊದಲೋ ಅನ್ನೋದನ್ನ ಖಚಿತವಾಗಿ ಹೇಳಕ್ಕಾಗಲ್ಲ. ಎರಡೂ ಥರ ಹಾಕಿ, ಇನ್‌ಸೈಟ್ಸ್‌ನಲ್ಲಿ ಮೊದಲ 3 ಸೆಕೆಂಡು ದಾಟಿದವರು ಯಾವುದರಲ್ಲಿ ಹೆಚ್ಚು ಅಂತ ನೋಡಿ.