ತೊಟ್ಟಿಲ ತೂಗಿಗೆ ನಿಲ್ಲುವ ಸಾಲು: ಹೊಸ ತಂದೆಯೊಬ್ಬರ ಜೋಗುಳದ ಕುರಿತು

*ಮಾನ್ಯ ಸಂಪಾದಕರಿಗೆ ನಮಸ್ಕಾರ. ಕಳೆದ ತಿಂಗಳು ನಮಗೆ ಮಗಳು ಹುಟ್ಟಿದ್ದಾಳೆ. ಅವಳಿಗಾಗಿ ಆರು ನುಡಿಗಳ ಒಂದು ಜೋಗುಳ ಬರೆದಿದ್ದೇನೆ. ನಾನು ಹಾಡುಗಾರನಲ್ಲ, ಆದರೂ ಇದನ್ನು ನೀಲಾಂಬರಿ ರಾಗದಲ್ಲಿ ಹಾಡಬಹುದು ಎಂದುಕೊಂಡಿದ್ದೇನೆ. ರಾತ್ರಿ ಜೋಲಿ ತೂಗುವಾಗ ಅವಳು ನನ್ನ ಬೆರಳು ಹಿಡಿದರೆ ಬಿಡುವುದೇ ಇಲ್ಲ, ಆ ಹೊತ್ತಿನಲ್ಲೇ ಇದನ್ನು ಬರೆದದ್ದು. ಪ್ರಕಟಣೆಗೆ ಯೋಗ್ಯವೇ? ದಯವಿಟ್ಟು ಮುಚ್ಚುಮರೆಯಿಲ್ಲದೆ ತಿಳಿಸಿ. ಮೊದಲ ನುಡಿ ಹೀಗಿದೆ:*

*ನಿದ್ರಿಸು ಮಗಳೇ ಪ್ರಪಂಚದ ಕಷ್ಟವು ನಿನ್ನನು ಮುಟ್ಟದಿರಲಿ*
*ಅಪ್ಪನ ಹೃದಯದಿ ನಿನ್ನಯ ಸ್ಪರ್ಶವು ಶಾಶ್ವತವಾಗಿಯೇ ಉಳಿಯಲಿ*

*— ಹೊಸ ತಂದೆ, ಹಾಸನ*

ಪ್ರಿಯರೇ,

ಮಗಳಿಗೂ ತಾಯಿಗೂ ನಮ್ಮೆಲ್ಲರ ಹಾರೈಕೆಗಳು. ನೀವು ಮುಚ್ಚುಮರೆ ಬೇಡವೆಂದಿರುವುದರಿಂದ ನೇರವಾಗಿಯೇ ಹೇಳುತ್ತೇನೆ: ಈಗಿರುವ ರೂಪದಲ್ಲಿ ಈ ಹಾಡನ್ನು ನಾವು ಪ್ರಕಟಿಸಲಾರೆವು. ಇದು ಮಗಳು ಹುಟ್ಟಿದ ಸಂತೋಷಕ್ಕೆ ಬರೆದ ಕವಿತೆಯಾಗಿದೆ, ಜೋಗುಳವಾಗಿಲ್ಲ. ಓದುವವರ ಕಣ್ಣಿಗೆ ಇದು ಹಿಡಿಸಬಹುದು, ಆದರೆ ತೂಗುವ ಕೈಗೆ ಹೊಂದುವುದಿಲ್ಲ.

ಮೊದಲು ಲಯವನ್ನೇ ನೋಡೋಣ. ನಿಮ್ಮ ಕಿವಿ ನಾಲ್ಕು ಮಾತ್ರೆಯ ಗಣವನ್ನು ಆರಿಸಿಕೊಂಡಿದೆ, ಆ ಆಯ್ಕೆ ಸರಿಯಾಗಿದೆ. 'ನಿದ್ರಿಸು' ಎಂಬಲ್ಲಿ ಒಂದು ಗುರು, ಎರಡು ಲಘು; 'ಮಗಳೇ' ಎಂಬಲ್ಲಿ ಎರಡು ಲಘು, ಒಂದು ಗುರು; ಎರಡೂ ನಾಲ್ಕು ಮಾತ್ರೆಗೆ ಸರಿಯಾಗಿ ನಿಲ್ಲುತ್ತವೆ. ಮೂರನೆಯ ಗಣವಾದ 'ಪ್ರಪಂಚದ' ಎಂಬಲ್ಲಿ ಅನುಸ್ವಾರವಿರುವ 'ಪಂ' ಗುರುವಾಗುವುದರಿಂದ ಒಟ್ಟು ಐದು ಮಾತ್ರೆಯಾಗುತ್ತದೆ. ಮುಂದೆ 'ಕಷ್ಟವು', 'ನಿನ್ನನು', 'ಮುಟ್ಟದಿ' ಮತ್ತೆ ನಾಲ್ಕಕ್ಕೆ ಮರಳುತ್ತವೆ, ಕೊನೆಗೆ 'ರಲಿ' ಎಂಬ ಎರಡು ಮಾತ್ರೆ ಉಳಿಯುತ್ತದೆ. ಎರಡನೆಯ ಸಾಲಿನಲ್ಲೂ 'ಶಾಶ್ವತ'ದವರೆಗೆ ಎಲ್ಲವೂ ಸರಿಯಾಗಿದ್ದು, 'ವಾಗಿಯೇ' ಎಂಬಲ್ಲಿ ಮತ್ತೆ ಐದು ಮಾತ್ರೆ ಬಂದಿದೆ. ಅದನ್ನು 'ವಾಗಿಯೆ' ಎಂದು ಹ್ರಸ್ವಗೊಳಿಸಿದರೆ ಲೆಕ್ಕ ಸರಿಹೋಗುತ್ತದೆ. 'ಪ್ರಪಂಚದ' ಎಂಬ ಪದಕ್ಕೆ ಅಂಥ ಉಪಾಯವಿಲ್ಲ, ಅದನ್ನು ತೆಗೆಯಲೇಬೇಕು.

ನಮ್ಮ ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳಲ್ಲಿ ಮಾತ್ರೆಗಳು ಇಷ್ಟು ಕಟ್ಟುನಿಟ್ಟಾಗಿರುತ್ತವೆಯೇ ಎಂದು ನೀವು ಕೇಳಬಹುದು. ಅವುಗಳಲ್ಲಿ ಬಹಳಷ್ಟು ತ್ರಿಪದಿಗಳು, ಅವು ಅಂಶಗಣದ ಮೇಲೆ ನಿಂತವು. ಅಂಶಗಣದಲ್ಲಿ ಹಾಡುವವಳು ಒಂದು ಅಕ್ಷರವನ್ನು ಎಳೆದು ಇನ್ನೊಂದನ್ನು ಕುಗ್ಗಿಸಿ ಗಣವನ್ನು ತುಂಬಿಕೊಳ್ಳುತ್ತಾಳೆ. ಆದ್ದರಿಂದ ಕಾಗದದ ಮೇಲೆ ಏರುಪೇರಾಗಿ ಕಾಣುವ ಸಾಲು ಅವಳ ದನಿಯಲ್ಲಿ ಮುರಿಯುವುದಿಲ್ಲ. ಆ ಕಲೆ ಚಿಕ್ಕಂದಿನಿಂದ ಕೇಳಿ ಕೇಳಿ ಬರುವಂಥದ್ದು. ಹಾಡುಗಾರನಲ್ಲ ಎಂದು ನೀವೇ ಹೇಳಿಕೊಂಡಿರುವಾಗ ಎಣಿಸಿದ ಮಾತ್ರೆಯ ಆಸರೆಯನ್ನು ಬಿಡದಿರುವುದೇ ಒಳ್ಳೆಯದು.

ಇನ್ನು ಸಾಲಿನ ಉದ್ದದ ಮಾತು. ನಿಮ್ಮ ಮೊದಲ ಸಾಲಿನಲ್ಲಿ ಆರು ಗಣಗಳು ತುಂಬಿ ಏಳನೆಯದು ಅರ್ಧವಾಗಿದೆ, ಎರಡನೆಯದರಲ್ಲಿ ಏಳೂ ತುಂಬಿವೆ. ಜೋಲಿ ಆಚೆ ಹೋಗುವಾಗ ಒಂದು ಗಣ, ಈಚೆ ಬರುವಾಗ ಒಂದು ಗಣ ಎಂದು ಹಾಡಿ ನೋಡಿ. ಏಳು ಬೆಸಸಂಖ್ಯೆಯಾದ್ದರಿಂದ ಮೊದಲ ಸಾಲು ಜೋಲಿ ಆಚೆ ಇರುವಾಗ ಮುಗಿಯುತ್ತದೆ, ಎರಡನೆಯ ಸಾಲು ಅದು ಮರಳುವಾಗ ಶುರುವಾಗುತ್ತದೆ. ಸಾಲಿನ ಮೊದಲ ಒತ್ತು ಒಮ್ಮೆ ಕೈ ತಳ್ಳುವಾಗ, ಇನ್ನೊಮ್ಮೆ ಜೋಲಿ ತಾನಾಗಿ ಬರುವಾಗ ಬೀಳುವುದರಿಂದ ಕೈಗೂ ದನಿಗೂ ಹೊಂದಿಕೆ ತಪ್ಪುತ್ತದೆ. ಉಸಿರಿನ ತೊಂದರೆಯೂ ಇದೆ. ತೂಗುವ ವೇಗವನ್ನು ನಿರ್ಧರಿಸುವುದು ಮಗುವಿನ ತೂಕವಲ್ಲ, ಜೋಲಿಯನ್ನು ಕಟ್ಟಿದ ಉದ್ದ. ಕೊಕ್ಕೆಯಿಂದ ಮಗು ಮಲಗಿರುವ ಜಾಗದವರೆಗೆ ಸುಮಾರು 2 ಮೀಟರ್ ಇದ್ದರೆ ಒಂದು ಸಲ ಹೋಗಿ ಬರಲು 3 ಸೆಕೆಂಡಿಗೆ ತುಸು ಕಡಿಮೆ ಬೇಕು; 1 ಮೀಟರ್ ಇದ್ದರೆ ಸುಮಾರು 2 ಸೆಕೆಂಡು ಸಾಕು. ಉದ್ದದ ಜೋಲಿಯಲ್ಲಿ ನಿಮ್ಮ ಒಂದು ಸಾಲು ಸುಮಾರು 10 ಸೆಕೆಂಡು ಹಿಡಿಯುತ್ತದೆ, ಆದರೆ ನಡುವೆ ಉಸಿರೆಳೆದುಕೊಳ್ಳಲು ತಾವಿಲ್ಲ. ರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಿನಲ್ಲಿ ಹಾಡುವವರಿಂದ ಅದು ಸಾಗದ ಕೆಲಸ. ಮೂರು ಗಣ ತುಂಬಿ ನಾಲ್ಕನೆಯದು ಅರ್ಧಕ್ಕೆ ನಿಲ್ಲುವ ಸಾಲು ಇದಕ್ಕೆ ಹೆಚ್ಚು ಒಪ್ಪುತ್ತದೆ: ಎರಡು ಸಲ ಹೋಗಿ ಬರುವಷ್ಟರಲ್ಲಿ ಸಾಲು ಮುಗಿಯುತ್ತದೆ, ಖಾಲಿ ಉಳಿದ ಎರಡು ಮಾತ್ರೆಯಲ್ಲಿ ಉಸಿರು ಒಳಗೆ ಬರುತ್ತದೆ.

ಪದಗಳ ವಿಷಯದಲ್ಲಿ ನಾನು ಇನ್ನೂ ಖಂಡಿತವಾಗಿ ಹೇಳಬೇಕಾಗಿದೆ. ಮೊದಲ ಸಾಲೊಂದರಲ್ಲೇ ದ್ರಿ, ಪ್ರ, ಷ್ಟ, ನ್ನ, ಟ್ಟ ಎಂದು ಐದು ಒತ್ತಕ್ಷರಗಳಿವೆ, ಎರಡನೆಯದರಲ್ಲಿ 'ಸ್ಪರ್ಶ', 'ಶಾಶ್ವತ' ಸೇರಿಕೊಂಡಿವೆ. ಒತ್ತಕ್ಷರವೇ ಕೂಡದು ಎಂದಲ್ಲ. ಅಮ್ಮ, ಅಪ್ಪ, ಕಣ್ಣು, ಮಲ್ಲಿಗೆ ಇವುಗಳಲ್ಲಿ ಬರುವ ಸಜಾತೀಯ ಒತ್ತು ನಾಲಗೆಯನ್ನು ಒಂದೇ ಜಾಗದಲ್ಲಿ ಕ್ಷಣಹೊತ್ತು ನಿಲ್ಲಿಸುತ್ತದೆಯಷ್ಟೇ, ಹಾಡಿಗೆ ಅದರಿಂದ ಹಿತವೇ ಆಗುತ್ತದೆ. ವಿಜಾತೀಯ ಒತ್ತು ಹಾಗಲ್ಲ. 'ಸ್ಪರ್ಶವು' ಎನ್ನುವಾಗ ಸ, ಪ, ರ, ಶ ನಾಲ್ಕೂ ಬೇರೆ ಬೇರೆ ಕಡೆ ಹುಟ್ಟಬೇಕು, ಪಿಸುದನಿಯಲ್ಲಿ ಸ ಮತ್ತು ಶ ಬುಸುಗುಡುವುದಷ್ಟೇ ಕೇಳುತ್ತದೆ. ಲ, ಮ, ನ, ಳ, ಜ, ರ ಇವುಗಳಿಗೆ ದನಿ ತಗ್ಗಿಸಿದರೂ ನಾದವಿದೆ. ಸಾಲಿನ ಕೊನೆಯಲ್ಲಿ ನೀವು ಇಟ್ಟಿರುವ 'ಲಿ' ಹ್ರಸ್ವವಾದ್ದರಿಂದ ಎಳೆಯಲು ಬರುವುದಿಲ್ಲ. ಜೊತೆಗೆ 'ಮುಟ್ಟದಿರಲಿ', 'ಉಳಿಯಲಿ' ಎಂದು ಕ್ರಿಯಾಪದದ ಬಾಲಗಳನ್ನು ಹೊಂದಿಸುವುದು ತೀರ ಸುಲಭದ ಪ್ರಾಸ. ಆರೂ ನುಡಿಗಳಲ್ಲಿ ನೀವು ಅದನ್ನೇ ಮಾಡಿದ್ದೀರಿ. ಸಾಲನ್ನು ನೀ, ಜೋ, ಲಾ ಮೊದಲಾದ ದೀರ್ಘಾಕ್ಷರಗಳಲ್ಲಿ ನಿಲ್ಲಿಸಿ, ಪ್ರಾಸವನ್ನು ಸಾಲಿನ ಆದಿಗೆ ತನ್ನಿ. ಎರಡನೆಯ ಅಕ್ಷರ ಒಂದೇ ಆಗುವ ಆದಿಪ್ರಾಸ ಕನ್ನಡಕ್ಕೆ ಹಳೆಯದು, ಜೋಗುಳದಲ್ಲಿ ಅದಕ್ಕೊಂದು ಉಪಯೋಗವೂ ಇದೆ: ಕತ್ತಲಲ್ಲಿ ಕಾಗದ ನೋಡದೆ ಹಾಡುವಾಗ ಮುಂದಿನ ಸಾಲು ಯಾವುದರಿಂದ ಶುರುವಾಗುತ್ತದೆ ಎಂಬುದನ್ನು ಅದು ನೆನಪಿಗೆ ತರುತ್ತದೆ.

ಹಾಡಿನ ಒಳಗಿನ ವಸ್ತುವಿಗೆ ಬಂದರೆ, ನಾಲ್ಕನೆಯ ನುಡಿಯ ಚಂದಮಾಮ ಮತ್ತು ನಕ್ಷತ್ರಗಳು ಈ ಮಗುವಿನವಲ್ಲ. ತಿಂಗಳ ಕೂಸಿಗೆ ಸ್ವಲ್ಪ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ, ಅಂದರೆ ಎತ್ತಿಕೊಂಡವರ ಮುಖದಷ್ಟು ದೂರ. ಚಂದ್ರನನ್ನು ತೋರಿಸಿ ತುತ್ತು ಉಣ್ಣಿಸುವ ಹಾಡು ಬೇರೆ, ಅದರ ಕಾಲ ನಿಮ್ಮ ಮನೆಗೂ ಬರುತ್ತದೆ, ಆ ನುಡಿಯನ್ನು ಆಗ ಬೇಕಾದರೆ ಹಾಡಿ. ಆರನೆಯ ನುಡಿಯಲ್ಲಿ ಮಗಳು ದೊಡ್ಡವಳಾಗಿ ಮನೆ ಬಿಟ್ಟು ಹೋಗುವ ದಿನವನ್ನು ನೆನೆದು ಅತ್ತಿದ್ದೀರಿ. ಆ ದುಃಖ ನಿಜವಾದದ್ದೇ, ಜೋಗುಳದಲ್ಲಿ ದುಃಖ ಬರಬಾರದೆಂಬ ನಿಯಮವೂ ಇಲ್ಲ. ಬಾಣಂತಿಯರು ತಮ್ಮ ಬಾಳಿನ ಕಷ್ಟವನ್ನೆಲ್ಲ ತೊಟ್ಟಿಲ ಮುಂದೆಯೇ ಹೇಳಿಕೊಂಡಿದ್ದಾರೆ. ಆದರೆ ಅವರು ಅದನ್ನು ಕೂಸಿನೊಡನೆ ಮಾತಾಡುವ ಸರಳ ಮಾತಿನಲ್ಲಿ ಹೇಳಿದರು. ನಿಮ್ಮ ನುಡಿ ಮಾತಾಡುತ್ತಿರುವುದು ನಮ್ಮ ಓದುಗರೊಡನೆ.

ನನಗೆ ಅತ್ಯಂತ ಖೇದವಾದದ್ದು ಮತ್ತೊಂದು ಕಾರಣಕ್ಕೆ. ಇಡೀ ಕಳಿಸುಗೆಯಲ್ಲಿ ಜೋಗುಳಕ್ಕೆ ತಕ್ಕ ಮಾತು ಒಂದಿದೆ, ಅದು ಹಾಡಿನೊಳಗೆ ಇಲ್ಲ, ನಿಮ್ಮ ಪತ್ರದಲ್ಲಿದೆ. ಅವಳು ಬೆರಳು ಹಿಡಿದರೆ ಬಿಡುವುದೇ ಇಲ್ಲ ಎಂದು ಬರೆದಿರಲ್ಲ, ಅದನ್ನು ಹಾಡಿಗೆ ತರುವಾಗ 'ಹೃದಯದಿ ನಿನ್ನಯ ಸ್ಪರ್ಶವು ಶಾಶ್ವತ' ಎಂದು ಮಾಡಿಬಿಟ್ಟಿದ್ದೀರಿ. ಅಲ್ಲಿ ಬೆರಳೂ ಇಲ್ಲ, ಹಿಡಿತವೂ ಇಲ್ಲ, ಆ ರಾತ್ರಿಯೂ ಇಲ್ಲ. ಪತ್ರದ ಆ ಮಾತನ್ನೇ ಎತ್ತಿಕೊಂಡು, ಮೇಲೆ ಹೇಳಿದ ಅಳತೆಗೆ ಕೂರಿಸಿದರೆ ಏನಾಗುತ್ತದೆ ಎಂಬುದನ್ನು ತೋರಿಸುವುದಕ್ಕಾಗಿ ಮಾತ್ರ ನಾಲ್ಕು ಸಾಲು ಬರೆದಿದ್ದೇನೆ:

ಬೆರಳನು ಹಿಡಿದೇ ಮಲಗೇ ನೀ
ಇರುಳಿಗೆ ಅಪ್ಪನೆ ಕಾವಲು ಜೋ
ಕೊರಳಿನ ಬಿಸಿಯಲಿ ಒರಗೇ ನೀ
ಅರಳಿದ ಕಣ್ಣನು ಮುಚ್ಚೇ ಜೋ

'ಬೆರಳನು', 'ಹಿಡಿದೇ', 'ಮಲಗೇ' ತಲಾ ನಾಲ್ಕು ಮಾತ್ರೆ, 'ನೀ' ಎರಡು. ಉಳಿದ ಮೂರು ಸಾಲುಗಳ ಅಳತೆಯೂ ಅದೇ. ಬೆರಳು, ಇರುಳು, ಕೊರಳು, ಅರಳು ಎಂಬ ಪದಗಳಲ್ಲಿ ಎರಡನೆಯ ಅಕ್ಷರ ರಕಾರವೇ ಆಗಿದೆ, ಅದರ ಹಿಂದಿನ ಅಕ್ಷರ ನಾಲ್ಕರಲ್ಲೂ ಲಘುವಾಗಿದೆ, ಆದಿಪ್ರಾಸಕ್ಕೆ ಎರಡೂ ಬೇಕು. ಒತ್ತಕ್ಷರಗಳು ಪ್ಪ, ಣ್ಣ, ಚ್ಚ ಮಾತ್ರ, ಮೂರೂ ಸಜಾತೀಯ. ಇದರಲ್ಲಿಯೂ ಒಂದು ಕೊರತೆಯಿದೆ: 'ಇರುಳಿಗೆ ಅಪ್ಪನೆ' ಎಂಬಲ್ಲಿ ಸ್ವರಕ್ಕೆ ಸ್ವರ ತಾಗುವುದರಿಂದ ಹಾಡುವಾಗ ನಡುವೆ ಒಂದು ಯಕಾರ ನುಸುಳುತ್ತದೆ. ನನಗೆ ಅದು ಕಿರಿಕಿರಿಯೆನಿಸಲಿಲ್ಲ, ನಿಮಗೆ ಅನಿಸಿದರೆ ಬೇರೆ ಪದವನ್ನು ಹುಡುಕಬೇಕು. ಈ ಸಾಲುಗಳನ್ನು ನಿಮ್ಮ ಹಾಡಿಗೆ ಸೇರಿಸಿಕೊಳ್ಳಬೇಡಿ. ನಿಮ್ಮ ಮನೆಯ ಜೋಲಿ ಯಾವ ಸೀರೆಯದು, ಅದನ್ನು ಯಾರು ಕಟ್ಟಿದರು, ರಾತ್ರಿ ಅವಳು ಯಾವ ಸದ್ದಿಗೆ ಬೆಚ್ಚುತ್ತಾಳೆ ಎಂಬುದೆಲ್ಲ ನನಗೆ ಗೊತ್ತಿಲ್ಲ, ನಿಮಗೆ ಗೊತ್ತು. ಹಾಡಿಗೆ ಬೇಕಾದದ್ದು ಅದು.

ಆರು ನುಡಿ ಬೇಕಿಲ್ಲ. ಕೂಸು ಐದು ನಿಮಿಷಕ್ಕೆ ಮಲಗದಿದ್ದರೆ ಆರಲ್ಲ, ಅರವತ್ತು ನುಡಿಯೂ ಸಾಲದು. ಆದ್ದರಿಂದಲೇ ಜೋಗುಳಕ್ಕೆ ಮರಳಿ ಮರಳಿ ಬರುವ ಸಾಲು ಬೇಕು. ಒಂದು ಸಾಲನ್ನು ಪಲ್ಲವಿಯಾಗಿ ಇಟ್ಟುಕೊಂಡು, ನುಡಿಯ ಮೊದಲ ಪದವನ್ನಷ್ಟೇ ಬದಲಿಸುತ್ತ ಹೋಗಬಹುದಾದ ಕಟ್ಟು ಇದ್ದರೆ ನಿದ್ದೆಗಣ್ಣಿನಲ್ಲಿಯೂ ಹಾಡು ನಿಲ್ಲದೆ ಸಾಗುತ್ತದೆ, ಅಜ್ಜಿಯೋ ಅತ್ತೆಯೋ ತೂಗಲು ಕುಳಿತಾಗ ಅವರೂ ಅದರಲ್ಲಿ ತಮ್ಮದೊಂದು ಪದವನ್ನು ಸೇರಿಸಬಹುದು. ನೀಲಾಂಬರಿ ಜೋಗುಳಕ್ಕೆ ಹೆಸರಾದ ರಾಗ ನಿಜ, ಆದರೆ ಅದರ ಗಮಕಗಳು ಕಲಿತವರಿಗೇ ಕಷ್ಟ. ಕಲಿಯದ ಕಂಠಕ್ಕೆ ನಾಲ್ಕೈದು ಸ್ವರಗಳೊಳಗೆ ಸುತ್ತಾಡಿ ಸಾಲಿನ ಕೊನೆಗೆ ಕೆಳಗಿಳಿಯುವ ಸಾದಾ ಮಟ್ಟು ಸಾಕು. ಹಾಡಿನ ತಲೆಯ ಮೇಲೆ ರಾಗದ ಹೆಸರನ್ನು ಬರೆಯುವ ಅಗತ್ಯ ಇಲ್ಲ.

ತಿದ್ದಿದ ಮೇಲೆ ಕಾಗದವನ್ನು ಬದಿಗಿಟ್ಟು, ದೀಪ ಆರಿಸಿ, ಜೋಲಿ ತೂಗುತ್ತ ಹತ್ತು ನಿಮಿಷ ಹಾಡಿ, ಅದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಮರುದಿನ ಕೇಳುವಾಗ ಎಲ್ಲಿ ನಾಲಗೆ ತೊಡರಿತು, ಎಲ್ಲಿ ಸಾಲಿನ ನಡುವೆ ಉಸಿರು ಬಂತು, ಯಾವ ಪದವನ್ನು ನೀವು ತಿಳಿಯದೆಯೇ ಬದಲಿಸಿ ಹಾಡಿದಿರಿ ಎಂಬುದನ್ನು ಗುರುತು ಹಾಕಿಕೊಳ್ಳಿ. ತಿಳಿಯದೆ ಬದಲಾದ ಪದವೇ ಬಹುತೇಕ ಬರೆದದ್ದಕ್ಕಿಂತ ಉತ್ತಮವಾಗಿರುತ್ತದೆ, ಅದನ್ನೇ ಇಟ್ಟುಕೊಳ್ಳಿ. ಹಾಗೆ ಉಳಿದ ಎರಡು ಅಥವಾ ಮೂರು ನುಡಿಗಳನ್ನು, ಪಲ್ಲವಿಯನ್ನು ಬೇರೆಯಾಗಿ ತೋರಿಸಿ, ಮತ್ತೆ ನನಗೆ ಕಳಿಸಿ. ಅವಸರ ಬೇಡ, ಅವಳು ಜೋಲಿಯಿಂದ ಇಳಿಯುವ ಮೊದಲು ಬಂದರೆ ಸಾಕು.

ಇಂತು,
ಸಂಪಾದಕ